ಪಿರಿಡೀನ್ ಹಾಕದ ದಿನ

ಪಿರಿಡೀನಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಗೆ ತಿಳಿಸಲಿ? ರಸಾಯನದ ಲ್ಯಾಬಿನ ಒಂದು ದ್ರವ, ನೋಡಲು ನೀರಿನಂತೆ ತಿಳಿ. ಒಂದು ಹನಿ ಕೈಮೇಲೆ ಬಿದ್ದರೆ ಸಾಕು, ಕೊಳೆತ ಮೀನಿನ ನಾತ ಎರಡು ದಿನ ಬೆನ್ನು ಬಿಡುವುದಿಲ್ಲ. ಸಾಬೂನಿಗೂ ಹೋಗದು, ಸೀಗೆಪುಡಿಗೂ ಹೋಗದು. ಹೈದರಾಬಾದಿನ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ನಾನು ಕುಳಿತ ಬೆಂಚಿನಲ್ಲಿ ಇನ್ನೊಬ್ಬ ಕೂರುತ್ತಿರಲಿಲ್ಲ. ಅಲ್ಲಿ ಅದು ನಗೆಯ ಮಾತು. ನಮ್ಮೂರು ಮಸ್ಕಿಯಲ್ಲಿ ಅದು ನಗೆಯ ಮಾತಾಗಿರಲಿಲ್ಲ.

ಐವತ್ತನಾಲ್ಕರ ಚಳಿಗಾಲದಲ್ಲಿ ಒಮ್ಮೆ ಆ ವಾಸನೆ ಹೊತ್ತುಕೊಂಡೇ ಮನೆಗೆ ಹೋಗಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂರಬೇಕು, ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದಳು.

"ಏನ್ ತಿಂದ್ ಬಂದೀಲೇ ಪಟ್ಟಣದಾಗ? ಆ ಕೈಲೆ ಲಿಂಗಪ್ಪನ್ನ ಮುಟ್ಟಬ್ಯಾಡ. ಇಡು ಕೆಳಗ."

ಔಷಧದ ವಾಸನೆ ಅಂದೆ, ಕಾಲೇಜಿನ ವಾಸನೆ ಅಂದೆ. ಅಜ್ಜಿ ನಂಬಲಿಲ್ಲ. ಅವ್ವ ನಂಬಿದಳು, ಆದರೂ ನನ್ನ ತಟ್ಟೆಯನ್ನು ಬೇರೆ ತೊಳೆದಿಟ್ಟಳು. ಇದು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕುಳಿತುಬಿಟ್ಟಿತು. ಮುಂದಿನ ಗೋಳೆಲ್ಲ ಅಲ್ಲಿಂದಲೇ ಶುರುವಾದದ್ದು.

ಈಗ ನಮ್ಮ ಲ್ಯಾಬಿನ ಸಂಗತಿ. ಸಂಶೋಧನೆಗೆಂದು ನಮ್ಮ ಕಡೆಯಿಂದ ಇಬ್ಬರು ಅಲ್ಲಿದ್ದೆವು. ಮಸ್ಕಿಯಿಂದ ನಾನು, ಲಿಂಗಸೂಗೂರಿನಿಂದ ಒಬ್ಬಾಕೆ. ಆಕೆ ನನಗಿಂತ ಎರಡು ವರ್ಷ ದೊಡ್ಡವಳು, ನಾನು ಅಕ್ಕಾ ಅನ್ನುತ್ತಿದ್ದೆ, ಆಕೆ ತಮ್ಮಾ ಅನ್ನುತ್ತಿದ್ದಳು. ನಮ್ಮ ಮಾರ್ಗದರ್ಶಕರು, ನಾವು ಸರ್ ಅನ್ನುತ್ತಿದ್ದವರು, ಗುಲಬರ್ಗಾ ಕಡೆಯವರು, ಉರ್ದುವಿನಲ್ಲಿ ಕಲಿತವರು, ಕನ್ನಡವನ್ನು ಉರ್ದುವಿನ ಮೇಲೆ ಕೂಡಿಸಿಕೊಂಡೇ ಮಾತಾಡುವವರು. ಕೆಲಸದಲ್ಲಿ ನಿಷ್ಠುರ, ಬೇರೆಲ್ಲದರಲ್ಲಿ ಮೆತ್ತಗಿನ ಮನುಷ್ಯ.

ನಮ್ಮ ಕೆಲಸಕ್ಕೆ ಬೇಕಾದ ಆಲ್ಕೊಹಾಲ್ ಹುಟ್ಟುವುದು ಔಡಲೆಣ್ಣೆಯಿಂದ, ಅಂದರೆ ಹರಳೆಣ್ಣೆಯಿಂದ. ನಮ್ಮೂರ ಗಾಣದಿಂದ ಡಬ್ಬಿಗಟ್ಟಲೆ ನಾನೇ ಹೊತ್ತು ತರುತ್ತಿದ್ದೆ. ಆ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಜೋರು ಉರಿಯಲ್ಲಿ ಕಾಯಿಸಿದರೆ, ನೊರೆ ಉಕ್ಕಿ ಉಕ್ಕಿ, ಕೊನೆಗೆ ಒಂದು ಎಣ್ಣೆಯಂಥ ಆಲ್ಕೊಹಾಲ್ ಆವಿಯಾಗಿ ಇಳಿಯುತ್ತದೆ. ಅದರ ಹೆಸರು ಎರಡನೆಯ ಆಕ್ಟನಾಲ್. ಅದರೊಳಗೆ ಎರಡು ಜಾತಿಯ ಅಣುಗಳು ಸಮಸಮ ಇರುತ್ತವೆ. ಎಡಗೈ ಬಲಗೈ ಇದ್ದಂತೆ: ಬೆರಳು ಅಷ್ಟೇ, ಅಂಗೈ ಅದೇ, ಆದರೆ ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ. ಪೋಲಾರಿಮೀಟರ್ ಎಂಬ ಉದ್ದನೆಯ ಕೊಳವೆಯಲ್ಲಿ ಹಾಕಿ ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ನೋಡಿದರೆ ಒಂದು ಜಾತಿ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಎಡಕ್ಕೆ. ಎರಡೂ ಕೂಡಿದ್ದರೆ ಯಾವ ಕಡೆಗೂ ಇಲ್ಲ.

ಇವೆರಡನ್ನು ಬೇರೆ ಮಾಡುವುದು ಅಕ್ಕನ ಕೆಲಸ. ಆಲ್ಕೊಹಾಲಿಗೆ ಥ್ಯಾಲಿಕ್ ಆಮ್ಲದ ಬಾಲ ಅಂಟಿಸಿ, ಬ್ರೂಸಿನ್ ಎಂಬ ಕಹಿವಿಷದೊಂದಿಗೆ ಲವಣ ಮಾಡಿ, ಅದನ್ನು ಹರಳುಗಟ್ಟಿಸಿ, ಕರಗಿಸಿ, ಮತ್ತೆ ಹರಳುಗಟ್ಟಿಸಿ. ಒಂದು ಜಾತಿ ಹರಳಲ್ಲಿ ಉಳಿಯುತ್ತದೆ, ಇನ್ನೊಂದು ದ್ರಾವಣದಲ್ಲಿ. ಒಂದು ಸಲಕ್ಕೆ ಐದಾರು ವಾರ. ಬ್ರೂಸಿನ್ ಸಿಗುವುದೇ ಕಷ್ಟ, ಹೀಗಾಗಿ ಬೇಡದ ಪಾಲಿನಿಂದ ಅದನ್ನು ತಕ್ಷಣ ಬಿಡಿಸಿಕೊಂಡು, ಉಳಿದ ಆಲ್ಕೊಹಾಲನ್ನು ಮೂಲೆಯ ದೊಡ್ಡ ಜಾಡಿಗೆ ಸುರಿಯುವುದು ನಮ್ಮ ಲ್ಯಾಬಿನ ರೂಢಿ. ಆ ಜಾಡಿಗೆ ಬಿದ್ದದ್ದರ ಗುರುತು ಆಮೇಲೆ ಹತ್ತುವುದಿಲ್ಲ. ಈ ರೂಢಿಯನ್ನು ನೆನಪಿಟ್ಟುಕೊಳ್ಳಿ.

ಆಕೆ ಮಾಡಿಕೊಟ್ಟ ಬಲತಿರುಗಿನ ಆಲ್ಕೊಹಾಲನ್ನು ಕ್ಲೋರೈಡ್ ಮಾಡುವುದು ನನ್ನ ಕೆಲಸ. ಅದಕ್ಕೆ ಥಯೊನೈಲ್ ಕ್ಲೋರೈಡ್. ಬಿರಡೆ ತೆಗೆದರೆ ಹೊಗೆ, ಗಂಟಲಲ್ಲಿ ಗಂಧಕ ಸುಟ್ಟ ಉರಿ. ಚಳಿಗಾಲದಲ್ಲಿ ಆಲ್ಕೊಹಾಲನ್ನು ಈಥರಿನಲ್ಲಿ ಕರಗಿಸಿ, ಪಿರಿಡೀನ್ ಹಾಕಿ, ಮಂಜುಗಡ್ಡೆಯಲ್ಲಿಟ್ಟು ಅದನ್ನು ಹನಿಹನಿಯಾಗಿ ಬಿಟ್ಟಿದ್ದೆ. ಬಲತಿರುಗಿನ ಆಲ್ಕೊಹಾಲಿನಿಂದ ಎಡತಿರುಗಿನ ಕ್ಲೋರೈಡ್ ಬಂದಿತ್ತು. ಈ ಆಲ್ಕೊಹಾಲ್, ಈ ಕ್ಲೋರೈಡಿನ ಜೋಡಿಯಲ್ಲಿ ತಿರುಗುವ ದಿಕ್ಕು ಬದಲಾಯಿತೆಂದರೆ ಅಣುವಿನ ಜೋಡಣೆಯೂ ತಿರುವುಮುರುವಾಯಿತೆಂದೇ ಅರ್ಥ, ಅಂಗಿಯ ತೋಳನ್ನು ಒಳಗಿನಿಂದ ಹೊರಗೆ ಎಳೆದಂತೆ. ಪಿರಿಡೀನಿನ ಜೊತೆಗೆ ಹುಟ್ಟುವ ಕ್ಲೋರೈಡ್ ಅಯಾನು ಹಿಂದಿನಿಂದ ಬಂದು ಕೂರುತ್ತದೆ, ಮುಂದಿದ್ದದ್ದು ಹೊರಗೆ ಹೋಗುತ್ತದೆ. ಸರ್ ಅದನ್ನೇ ಪತ್ರಿಕೆಗೆ ಲೇಖನವಾಗಿ ಬರೆಯಲು ಕೂತಿದ್ದರು. ಒಮ್ಮೆ ಮತ್ತೆ ಮಾಡಿ ಅದೇ ಫಲ ಬಂದರೆ ಮುಗಿಯಿತು.

ಆ ಮತ್ತೊಮ್ಮೆ ಬಂದದ್ದು ಐವತ್ತೈದರ ಬೇಸಿಗೆಯಲ್ಲಿ. ಹೈದರಾಬಾದಿನ ಆ ಬಿಸಿಲಿಗೆ ಈಥರ್ ಬಾಟಲಿಯಲ್ಲೇ ಕುದಿಯಲು ನೋಡುತ್ತಿತ್ತು. ಸರ್ ತಾವೇ ಹೇಳಿದರು, "ಈಥರ್ ಛೋಡೋ ಮಿಯಾ, ಡೈಆಕ್ಸೇನ್ ತೊಗೊ. ಬಾಕಿ ಎಲ್ಲಾ ಮೊದಲಿನಂಗ." ಡೈಆಕ್ಸೇನೂ ಈಥರಿನಂಥದೇ ದ್ರಾವಕ, ಆದರೆ ಬಿಸಿಲಿಗೆ ಅಷ್ಟು ಬೇಗ ಹಾರಿಹೋಗದು.

ಮರುದಿನವೇ ನಾನು ಊರಿಗೆ ಹೊರಡಬೇಕಿತ್ತು. ತಂಗಿಯ ಕೂಸಿಗೆ ಲಿಂಗ ಕಟ್ಟುವ ಕಾರ್ಯ, ಸೋದರಮಾವನಾಗಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಕೂರಬೇಕು. ಅಜ್ಜಿ ಎದುರಿಗೇ ಇರುತ್ತಾಳೆ. ಪಿರಿಡೀನ್ ಬಾಟಲಿಯನ್ನು ಕೈಗೆ ತೆಗೆದುಕೊಂಡೆ, ಇಟ್ಟೆ. ಮತ್ತೆ ತೆಗೆದುಕೊಂಡೆ. ಊರ ಮಂದಿಯೆಲ್ಲ ಕೂತಿರುವಾಗ ಅಜ್ಜಿ ಮೂಗಿಗೆ ಸೆರಗು ಹಿಡಿಯುವುದು ಕಣ್ಣಿಗೆ ಕಟ್ಟಿತು. ಪಿರಿಡೀನ್ ಏನು ಮಾಡುತ್ತದೆ, ಹುಟ್ಟುವ ಆಮ್ಲವನ್ನು ಹೀರಿಕೊಳ್ಳುತ್ತದೆ, ಅಷ್ಟೇ ತಾನೇ, ಆಮ್ಲ ಹೇಗೂ ಆವಿಯಾಗಿ ಹೋಗುತ್ತದೆ, ಕಿಟಕಿ ತೆಗೆದರಾಯಿತು ಎಂದುಕೊಂಡೆ. ಬಾಟಲಿಯನ್ನು ಅಲ್ಮಾರಿಗೆ ಸೇರಿಸಿಬಿಟ್ಟೆ.

ಅಕ್ಕ ಆ ವಾರವಷ್ಟೇ ಮುಗಿಸಿದ ಬಲತಿರುಗಿನ ಆಲ್ಕೊಹಾಲನ್ನು ಬಾಟಲಿಯಲ್ಲಿ ತಂದುಕೊಟ್ಟಿದ್ದಳು. ಅಷ್ಟನ್ನೂ ಹಾಕಿದೆ, ಹನಿಯೂ ಉಳಿಸಲಿಲ್ಲ. ಡೈಆಕ್ಸೇನಿನಲ್ಲಿ ಥಯೊನೈಲ್ ಕ್ಲೋರೈಡ್ ಹನಿಸಿದೆ, ಆಮ್ಲದ ಹೊಗೆ ಕಿಟಕಿಯಿಂದ ಹೋಯಿತು. ಆಮೇಲೆ ಬಿಸಿನೀರಿನ ಮೇಲೆ ಇಟ್ಟೆ, ಗುಳ್ಳೆಗುಳ್ಳೆಯಾಗಿ ಗಂಧಕದ ಅನಿಲ ಹೋಯಿತು. ನೋಟ್‌ಬುಕ್ಕಿನಲ್ಲಿ ಬರೆದೆ: ಈಥರ್ ಬದಲು ಡೈಆಕ್ಸೇನ್. ಉಳಿದದ್ದು ಮೊದಲಿನಂತೆಯೇ.

ಮೊದಲಿನಂತೆಯೇ. ಇದು ನಮ್ಮ ಲ್ಯಾಬಿನ ಎಲ್ಲರ ನೋಟ್‌ಬುಕ್ಕಿನಲ್ಲೂ ಇರುವ ಮಾತು. ಅರ್ಧ ಪುಟ ಉಳಿಯುತ್ತದೆ. ಕೈ ತಾನಾಗಿಯೇ ಬರೆಯುತ್ತದೆ. ನನ್ನ ಕೈಯೂ ಬರೆಯಿತು, ಆದರೆ ಬರೆಯುವಾಗ ನನಗೆ ಗೊತ್ತಿತ್ತು.

ಸಂಜೆ ಅಕ್ಕನಿಗೆ ಅಲ್ಮಾರಿಯ ಕೀಲಿಕೈ ಕೊಟ್ಟು, ಮರುದಿನ ಊರಿಗೆ ಹೋದೆ. ಕೂಸಿಗೆ ಲಿಂಗ ಕಟ್ಟಿದರು. ಅಜ್ಜಿ ನನ್ನ ಕೈ ಹಿಡಿದು ಮೂಸಿ ನೋಡಿ, "ಈಗ ಮನುಷ್ಯಾ ಆಗೀ ನೋಡು," ಅಂದಳು. ಖುಷಿಯಾಗಿ ಹೋಳಿಗೆ ತಿಂದು, ನಾಲ್ಕು ದಿನ ಬಿಟ್ಟು ತಿರುಗಿ ಬಂದೆ.

ಕ್ಲೋರೈಡನ್ನು ತೊಳೆದು, ಒಣಗಿಸಿ, ಒತ್ತಡ ತಗ್ಗಿಸಿ ಬಟ್ಟಿ ಇಳಿಸಿದೆ. ಪೋಲಾರಿಮೀಟರಿನಲ್ಲಿ ನೋಡಿದೆ. ಬಲಕ್ಕೆ ತಿರುಗಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಬಲಕ್ಕೇ. ಕೊಳವೆ ತೊಳೆದು, ಇನ್ನೊಂದು ಚಿಕ್ಕ ಕೊಳವೆಯಲ್ಲಿ ತುಂಬಿ ನೋಡಿದೆ. ಬಲಕ್ಕೇ. ಬೇಸಿಗೆಯ ಮಧ್ಯಾಹ್ನ, ಕತ್ತಲೆ ಕೋಣೆ, ಮೈಯೆಲ್ಲ ಬೆವರು, ಹಳದಿ ದೀಪ. ಪಿರಿಡೀನ್ ಹಾಕದ್ದರಿಂದಲೇ ಇದು ಎಂದು ಹೊಳೆಯಿತು. ಆಗಲೇ ಹೊರಗೆ ಬಂದು ಹೇಳಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು.

ಆದರೆ ಸರ್ ಬಾಗಿಲಲ್ಲೇ ನಿಂತಿದ್ದರು. ನೋಟ್‌ಬುಕ್ ತಿರುವಿ ಕೇಳಿದರು, "ಪಿರಿಡೀನ್ ತಾಜಾ ಇತ್ತಾ ಮಿಯಾ?"

"ಹೌದ್ರೀ ಸರ್," ಅಂದೆ.

ಅದು ನನ್ನ ಬಾಯಿಂದ ಹೇಗೆ ಬಂತೋ ಇಂದಿಗೂ ಗೊತ್ತಿಲ್ಲ. ಸುಳ್ಳು ಹೇಳುವವನಲ್ಲ ನಾನು ಎಂದು ಬರೆಯಲು ಕೈ ಬರುವುದಿಲ್ಲ, ಹೇಳಿದ್ದೇನಲ್ಲ.

ಸರ್ ಕುರ್ಚಿ ಎಳೆದುಕೊಂಡು ಕೂತು ಲೆಕ್ಕ ಹಾಕಿದರು. ಅವರ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಪಿರಿಡೀನ್ ಇದ್ದರೆ ಜೋಡಣೆ ತಿರುವಲೇಬೇಕು. ತಿರುವಿ ಬಲತಿರುಗಿನ ಕ್ಲೋರೈಡ್ ಬಂದಿದೆ ಅಂದರೆ, ಹಾಕಿದ ಆಲ್ಕೊಹಾಲೇ ಎಡತಿರುಗಿನದು. ಹರಳಿನ ಪಾಲು, ದ್ರಾವಣದ ಪಾಲು ಅದಲುಬದಲಾಗಿವೆ. ತಪ್ಪು ಅಕ್ಕನದು.

ಆಕೆಯನ್ನು ಕರೆದರು. "ಬೇಟಿ, ಇದೇನಾಯ್ತು?"

"ಸರ್, ನಾ ಅಳತಿ ನೋಡೇ ಕೊಟ್ಟೀನ್ರೀ. ಬಲಕ್ಕ ತೋರಿಸೇತಿ. ನೋಟ್‌ಬುಕ್ಕಿನಾಗ ಐತಿ."

"ಅವಸರದಾಗ ಉಲ್ಟಾ ಬರದಿರಬಹುದು."

ಬಾಟಲಿ ಖಾಲಿ. ಬೇಡದ ಪಾಲು ರೂಢಿಯಂತೆ ದೊಡ್ಡ ಜಾಡಿಗೆ ಬಿದ್ದು ಗುರುತು ಕಳೆದುಕೊಂಡಿತ್ತು. ಆಕೆಯ ಮಾತಿಗೆ ಸಾಕ್ಷಿಯಾಗುವ ಒಂದು ತೊಟ್ಟೂ ಲ್ಯಾಬಿನಲ್ಲಿ ಇರಲಿಲ್ಲ. ಆಗ ಆಕೆ ತನ್ನ ಡ್ರಾಯರಿನಿಂದ ಒಂದು ಪುಟ್ಟ ಶೀಶೆ ತಂದಳು. ಅದೇ ಆಲ್ಕೊಹಾಲಿನ ಒಂದಿಷ್ಟನ್ನು, ನನಗೆ ಕೊಡುವ ಮೊದಲು, ತನ್ನ ಕುತೂಹಲಕ್ಕೆ ಫಾಸ್ಫರಸ್ ಟ್ರೈಬ್ರೋಮೈಡಿನ ಜೊತೆ ಮಂಜಿನಲ್ಲಿಟ್ಟು ಬ್ರೋಮೈಡ್ ಮಾಡಿದ್ದಳಂತೆ.

"ಇದು ಎಡಕ್ಕ ತಿರುಗ್ತೈತ್ರೀ ಸರ್. ಟ್ರೈಬ್ರೋಮೈಡ್ ಹಾಕಿದ್ರ ಜೋಡಣಿ ತಿರುವೇ ತಿರುವ್ತೈತಿ. ಬ್ರೋಮೈಡ್ ಎಡಕ್ಕಿದ್ರ, ಆಲ್ಕೊಹಾಲ್ ಬಲಕ್ಕಿತ್ತು ಅಂತ ಅಲ್ಲೇನ್ರೀ?"

ಸರ್ ಅಳೆದು ನೋಡಿದರು. ಎಡಕ್ಕೇ ಇತ್ತು. ಆಕೆಯ ತರ್ಕ ಸರಿ ಎಂದು ಒಪ್ಪಿದರು ಕೂಡ. ಫಾಸ್ಫರಸ್ಸಿಗೆ ಅಂಟಿಕೊಂಡ ಆಮ್ಲಜನಕ ಹೊರಡುವಾಗ ಬ್ರೋಮೈಡ್ ಹಿಂದಿನಿಂದಲೇ ಬರುತ್ತದೆ. ಆದರೆ ಶೀಶೆಯ ಮೇಲೆ ಚೀಟಿ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ, ಕೇಳದೆ ಮಾಡಿದ ಕೆಲಸವಲ್ಲವೇ. "ಇದು ಹೋದ ಸಲದ ಆಲ್ಕೊಹಾಲಿಂದ ಮಾಡಿದ್ದಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು ಬೇಟಿ?" ಅಂದರು. ಕೋಪದಿಂದಲ್ಲ, ಬೇಸರದಿಂದ. ಲ್ಯಾಬಿನಲ್ಲಿ ಮುಂದಿನ ವರ್ಷವೂ ಜಾಗ ಕೇಳಿ ಆಕೆ ಹಾಕಿದ ಅರ್ಜಿ, ಅವರ ಸಹಿಗೆಂದು, ಮೇಜಿನ ಮೇಲೇ ಇತ್ತು. ಅದನ್ನು ಎತ್ತಿ ಕಪಾಟಿನಲ್ಲಿಟ್ಟರು. "ರಜಾ ಬರೋತನಕಾ ವಿಚಾರ ಮಾಡ್ತೀನಿ."

ಸಹಿ ಬೀಳದಿದ್ದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಕೆಯ ಅಣ್ಣ ಓದಲು ಬಿಟ್ಟದ್ದೇ ಜಾಗ ಇರುವತನಕ ಎಂಬ ಕರಾರಿನ ಮೇಲೆ. ಸಿಂಧನೂರಿನ ಶಾಲೆಯಲ್ಲಿ ಮೇಷ್ಟ್ರ ಕೆಲಸ ನೋಡಿ ಇಟ್ಟಿದ್ದ. ಆಕೆಗೆ ಆ ಕೆಲಸ ಬೇಡವಾಗಿತ್ತು. ಆಕೆಗೆ ಬೇಕಾದದ್ದು ಹರಳು. ಬಟ್ಟಲಿನ ಅಂಚಿನಲ್ಲಿ ಮೊದಲ ಹರಳು ಮೂಡಿದಾಗ ಆಕೆ ಉಸಿರು ಹಿಡಿದು ನೋಡುತ್ತಿದ್ದುದನ್ನು ಬಲ್ಲವನು ನಾನು.

ರಜೆಗೆ ಹನ್ನೊಂದು ದಿನ ಇತ್ತು. ಆ ಹನ್ನೊಂದು ದಿನ ನನ್ನ ಜೀವನದ ದೊಡ್ಡ ಜೈಲು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಎದ್ದು ಹೋಗುವುದು. ಸರ್ ನೋಡಿದ ಕೂಡಲೇ, "ಪಾಪ, ನಿನ್ನ ಶ್ರಮ ಬರ್ಬಾದ್ ಆತು ಮಿಯಾ," ಅಂತ ಚಹಾ ತರಿಸುವುದು. ಆ ಚಹಾ ಕುಡಿದು ಹೇಗೆ ಹೇಳಲಿ? ಮೊದಲ ದಿನ ಹೇಳಬೇಕಾದದ್ದು ಒಂದು ತಪ್ಪು. ಎರಡನೇ ದಿನಕ್ಕೆ ತಪ್ಪು, ಮೇಲೊಂದು ಸುಳ್ಳು. ಐದನೇ ದಿನಕ್ಕೆ, ಒಬ್ಬ ಹೆಣ್ಣುಮಗಳ ಕುತ್ತಿಗೆಗೆ ತಂದಿಟ್ಟು ಸುಮ್ಮನೆ ಕೂತವನು ಎಂಬ ಹೆಸರು. ದಿನ ಕಳೆದಂತೆ ಬಾಗಿಲು ಕಿರಿದಾಗುತ್ತ ಹೋಯಿತು. ಊಟ ಸೇರಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆ. ಅದಕ್ಕಿಂತ ಹೇಸಿಗೆ ಏನೆಂದರೆ, ಅಕ್ಕನ ಮೇಲೆ ಸಿಟ್ಟು ಬರತೊಡಗಿತು. ಯಾಕೆ ಶೀಶೆಗೆ ಚೀಟಿ ಅಂಟಿಸಲಿಲ್ಲ ಈಕೆ, ಅಂಟಿಸಿದ್ದರೆ ನಾನು ಬಾಯಿ ಬಿಡುವ ಗರಜೇ ಇರಲಿಲ್ಲವಲ್ಲ ಎಂದು.

ಆಕೆ ಮಾತ್ರ ನನ್ನ ಪಕ್ಕದ ಬೆಂಚಿನಲ್ಲೇ ಕೂತು ಗಾಜು ತೊಳೆಯುತ್ತಿದ್ದಳು. ಒಂದೆರಡು ಸಲ ನನ್ನ ಕಡೆ ನೋಡಿದಳು. "ಆರಾಮ ಅದೀ ಇಲ್ಲ ತಮ್ಮಾ?" ಎಂದು ಕೇಳಿದಳು. ತಲೆನೋವು ಅಂದೆ.

ರಜೆಗೆ ಇಬ್ಬರೂ ಒಟ್ಟಿಗೇ ಹೊರಟೆವು. ರಾಯಚೂರಿನವರೆಗೆ ರೈಲು, ಅಲ್ಲಿಂದ ಮಾನ್ವಿ ಹಾದು ಸಿಂಧನೂರಿಗೆ ಬಸ್ಸು. ಸಿಂಧನೂರಿನಲ್ಲಿ ಇಳಿದು ಲಿಂಗಸೂಗೂರಿನ ಬಸ್ಸಿಗೆ ಕಾಯಬೇಕು, ಅದು ಮಸ್ಕಿ ಮೇಲೆಯೇ ಹೋಗುವುದು, ನಾನು ಮೊದಲು ಇಳಿಯುವವನು. ಆ ವರ್ಷ ಆ ಕಡೆ ಎಲ್ಲರ ಬಾಯಲ್ಲೂ ಕಾಲುವೆಯ ಮಾತು, ಯಾರ ಹೊಲಕ್ಕೆ ನೀರು ಬರುತ್ತದೆ ಯಾರದಕ್ಕೆ ಇಲ್ಲ ಎಂದು. ಬೇವಿನ ಮರದ ಕೆಳಗೆ ಆಕೆಯ ಟ್ರಂಕಿನ ಮೇಲೆ ಆಕೆ ಕೂತಳು. ಎಲ್ಲ ಪುಸ್ತಕವನ್ನೂ ತುಂಬಿಕೊಂಡು ಬಂದಿದ್ದಳು. ತಿರುಗಿ ಹೋಗುವವರು ಹಾಗೆ ತುಂಬಿಕೊಂಡು ಬರುವುದಿಲ್ಲ.

ಟ್ರಂಕನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ನಾ ಆವತ್ತು ಪಿರಿಡೀನ್ ಹಾಕಿದ್ದಿಲ್ಲ," ಅಂದೆ.

"ಗೊತ್ತೈತಿ," ಅಂದಳು.

ನನಗೆ ಕೇಳಿಸಿದ್ದು ಸರಿಯೋ ಎಂದು ಆಕೆಯ ಮುಖ ನೋಡಿದೆ.

"ಕೀಲಿಕೈ ಕೊಟ್ಟೆಲ್ಲ ಆವತ್ತು ಸಂಜಿಗೆ. ನಿನ್ನ ಕೈ ನಾರತಿದ್ದಿಲ್ಲ. ಪಿರಿಡೀನ್ ಮುಟ್ಟಿದಾವನ ಕೈ ನಾರದ ಇರ್ತೈತೇನು?"

"ಮತ್ತ ಸರ್‌ಗೆ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಇವನ ಕೈ ನಾರತಿದ್ದಿಲ್ರೀ ಅಂತ ಹೇಳ್ಲೇನು? ಶೀಶೆ ತೋರಿಸಿದ್ರೂ ನಂಬಲಿಲ್ಲ ಅವರು." ಟ್ರಂಕಿನ ಮೇಲೆ ಬಿದ್ದ ಬೇವಿನ ಎಲೆಗಳನ್ನು ಕೊಡವಿದಳು. "ನೀ ಹೇಳ್ತೀ ಅನ್ಕೊಂಡಿದ್ದೆ. ಇವತ್ತ ಹೇಳ್ತಾನ, ನಾಳೆ ಹೇಳ್ತಾನ ಅಂತ ಹನ್ನೊಂದು ದಿನ ನಿನ್ನ ಬಾಜೂಕ ಕೂತೆ."

ಬೈದಿದ್ದರೆ ಬದುಕುತ್ತಿದ್ದೆ. ಆಕೆ ಬೈಯಲಿಲ್ಲ. ಯಾಕೆ ಹಾಕಲಿಲ್ಲ ಎಂದು ಕೇಳಿದಳು. ಅಜ್ಜಿ, ಲಿಂಗ, ಮೀನಿನ ವಾಸನೆ, ಎಲ್ಲ ಹೇಳಿದೆ. ಆಕೆಗೆ ನಗು ಬಂತು, ಹೌದು, ನಕ್ಕಳು. ನಮ್ಮ ಮನೆಗಳನ್ನು ಬಲ್ಲವಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಿಂಧನೂರಿನ ಅಂಚೆಕಚೇರಿಗೆ ಹೋಗಿ ಅಲ್ಲೇ ನಿಂತು ಸರ್‌ಗೆ ಕಾಗದ ಬರೆದೆ. ಒಂದೂ ಮುಚ್ಚಿಡಲಿಲ್ಲ. ಆ ಬಸ್ಸು ತಪ್ಪಿತು, ಮುಂದಿನದಕ್ಕೆ ಹೋದೆವು.

ಮೂರು ವಾರಕ್ಕೆ ಉತ್ತರ ಬಂತು. ಮೊದಲ ಪುಟದ ತುಂಬ ನನಗೆ ಛೀಮಾರಿ, ಅದಕ್ಕೆ ನಾನು ಅರ್ಹ. ಎರಡನೇ ಪುಟದಲ್ಲಿ ಅವರ ಕೈಬರಹವೇ ಬೇರೆ, ಖುಷಿಯಿಂದ ಓಡುತ್ತಿತ್ತು. ಪಿರಿಡೀನ್ ಇಲ್ಲದೆ, ಡೈಆಕ್ಸೇನಿನಲ್ಲಿ, ಬಲದಿಂದ ಬಲವೇ ಬಂದಿದ್ದರೆ ಜೋಡಣೆ ಉಳಿದುಕೊಂಡಿದೆ. ಹೊರದೇಶದ ಪತ್ರಿಕೆಯೊಂದರಲ್ಲಿ ಇಂಥದ್ದೇ ಬಂದಿದೆಯಂತೆ, ತಡವಾಗಿ ಕೈಸೇರಿತಂತೆ. ಡೈಆಕ್ಸೇನಿನ ಆಮ್ಲಜನಕ ಮೊದಲು ಹಿಂದಿನಿಂದ ಬಂದು ತಿರುವುತ್ತದೆ, ಆಮೇಲೆ ಕ್ಲೋರೈಡ್ ಅದರ ಹಿಂದಿನಿಂದ ಬಂದು ಮತ್ತೆ ತಿರುವುತ್ತದೆ. ಎರಡು ಸಲ ತಿರುವಿದರೆ ಎಲ್ಲಿತ್ತೋ ಅಲ್ಲೇ. ಕೂಡಲೇ ಬಾ, ಇದು ನಿನ್ನ ಪ್ರಬಂಧಕ್ಕೆ ಒಂದು ಅಧ್ಯಾಯ, ಎಂದು ಬರೆದಿದ್ದರು. ಕೊನೆಯಲ್ಲಿ ಎರಡು ಸಾಲು: ಆ ಹುಡುಗಿಗೆ ನನ್ನಿಂದ ಅನ್ಯಾಯವಾಯಿತು. ಅರ್ಜಿಯ ಗಡುವು ನಿನ್ನ ಕಾಗದ ಬರುವ ಮೊದಲೇ ಮುಗಿದಿತ್ತು, ಆಕೆಯ ಜಾಗಕ್ಕೆ ಬೇರೆಯವರು ಬಂದಿದ್ದಾರೆ.

ಕಾಗದ ತೆಗೆದುಕೊಂಡು ಲಿಂಗಸೂಗೂರಿಗೆ ಹೋದೆ. ಪಡಸಾಲೆಯಲ್ಲಿ ಆಕೆಯ ಅಣ್ಣ ಕೂತಿದ್ದ, ಶಾಲೆ ಶುರುವಾಗುವ ಮಾತಾಡಿದ. ಆಕೆ ಕಂಬಕ್ಕೆ ಒರಗಿ ನಿಂತು ಎರಡನೇ ಪುಟವನ್ನು ಎರಡು ಸಲ ಓದಿದಳು. ಕೊನೆಯ ಸಾಲುಗಳನ್ನು ಒಂದೇ ಸಲ.

"ಡೈಆಕ್ಸೇನಿನಾಗ ಪಿರಿಡೀನ್ ಹಾಕಿ ಮಾಡಿ ನೋಡೀಯೇನು?" ಎಂದು ಕೇಳಿದಳು.

ಇಲ್ಲ ಅಂದೆ.

"ಹಂಗಾರ ಮೊದಲ ಅದನ್ನ ಮಾಡು. ನೀ ಎರಡು ಬದಲ ಮಾಡೀ, ಈಥರೂ ಬದಲ, ಪಿರಿಡೀನೂ ಬದಲ. ಯಾವುದರಿಂದ ಆತು ಅಂತ ಹ್ಯಾಂಗ ಹೇಳ್ತೀ?"

ಸರ್‌ಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೋದವನೇ ಅದನ್ನು ಮಾಡಿದೆ. ಆಲ್ಕೊಹಾಲನ್ನು ಬೇರೆ ಮಾಡುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು, ಆಕೆ ಐದು ವಾರದಲ್ಲಿ ಮುಗಿಸುತ್ತಿದ್ದುದಕ್ಕೆ ನನಗೆ ಒಂಬತ್ತು ವಾರ ಹಿಡಿಯಿತು. ಬಲತಿರುಗಿನ ಆಲ್ಕೊಹಾಲ್, ಡೈಆಕ್ಸೇನ್, ಪಿರಿಡೀನ್. ಎಡತಿರುಗಿನ ಕ್ಲೋರೈಡ್ ಬಂತು. ಅದೇ ಆಲ್ಕೊಹಾಲ್, ಅದೇ ಡೈಆಕ್ಸೇನ್, ಪಿರಿಡೀನ್ ಇಲ್ಲದೆ. ಬಲತಿರುಗಿನದು ಬಂತು. ಉಳಿಸಿದ ಒಂದಿಷ್ಟನ್ನು ಟ್ರೈಬ್ರೋಮೈಡಿಗೆ ಹಾಕಿ ಆಕೆಯ ಶೀಶೆಯ ಕೆಲಸವನ್ನೂ ಮತ್ತೆ ಮಾಡಿದೆ. ಎಡಕ್ಕೇ ತಿರುಗಿತು, ಆಕೆ ಹೇಳಿದಂತೆ. ಆ ಶೀಶೆಗೆ ಚೀಟಿ ಅಂಟಿಸಿದೆ. ಕೈಯೆಲ್ಲ ಪಿರಿಡೀನ್ ನಾತ, ಆ ಸಲದ ದೀಪಾವಳಿಗೆ ಹಾಗೆಯೇ ಊರಿಗೆ ಹೋದೆ. ಅಜ್ಜಿ ಪೂಜೆಯ ಕೋಣೆಯಿಂದ ಹೊರಗಿಟ್ಟಳು. ಹೊರಗೇ ಕೂತೆ.

ಐವತ್ತಾರರಲ್ಲಿ ಪ್ರಬಂಧ ಬರೆದೆ. ಅದರ ನಾಲ್ಕನೆಯ ಅಧ್ಯಾಯ ಇದೇ. ಪರೀಕ್ಷಕರು ಆಮೇಲೆ ಮೆಚ್ಚಿದ್ದೂ ಅದನ್ನೇ, ಪಿರಿಡೀನ್ ಇದ್ದದ್ದು ಇಲ್ಲದ್ದು ಎರಡನ್ನೂ ಒಂದೇ ದ್ರಾವಕದಲ್ಲಿ ಹೋಲಿಸಿದ ಆ ಜಾಣತನವನ್ನು. ಜಾಣತನ ಯಾರದು ಎಂದು ಬರೆಯಬೇಕಿತ್ತು. ಪ್ರಬಂಧ ಒಪ್ಪಿಸುವ ಮೊದಲೇ, ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕುತ್ತೇನೆ, ನಡೆದದ್ದನ್ನೂ ಬರೆಯುತ್ತೇನೆ, ಒಪ್ಪಿಗೆ ಕೊಡು ಎಂದು ಸಿಂಧನೂರಿನ ಶಾಲೆಯ ವಿಳಾಸಕ್ಕೆ ಕಾಗದ ಹಾಕಿದೆ.

ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ಆಕೆಯದೇ ಅಕ್ಷರ, ಈಗ ಮೇಷ್ಟ್ರ ಕೈಬರಹ, ಅಚ್ಚುಕಟ್ಟು. ಫಲ ಸರಿಯಾಗಿ ಬಂದದ್ದು ಸಂತೋಷ ಎಂದಿತ್ತು. ಹೆಸರು ಬೇಡ ಎಂದಿತ್ತು. ಅದರ ಕೆಳಗೆ ಒಂದೇ ಸಾಲು:

"ಉಳಿದದ್ದು ಮೊದಲಿನಂತೆಯೇ."